ರೇಡಿಯೋ ಅಕ್ಕನ ಸದ್ದಿಲ್ಲದ ಸಲೂನು

ನನ್ನ ಅಂಗಡಿಗೂ ಅವಳ ಸಲೂನಿಗೂ ನಡುವೆ ಇರುವುದು ಒಂದೇ ಗೋಡೆ. ಕಟ್ಟಿಸಿದ ಮಹಾನುಭಾವ ಸಿಮೆಂಟಿನಲ್ಲಿ ಜಿಪುಣತನ ತೋರಿಸಿದ್ದರಿಂದ ಆಚೆ ಕಡೆ ಯಾರಾದರೂ ಸೀನಿದರೆ ಈಚೆ ಕಡೆ ನಾನು ಮೂಗು ಒರೆಸಿಕೊಳ್ಳುವಂತಿತ್ತು. ನನ್ನದು ಬಲ್ಬು, ವೈರು, ಸ್ವಿಚ್ಚುಗಳ ಅಂಗಡಿ. ಬೀದಿಯವರು ನನ್ನನ್ನು ಬಲ್ಬಣ್ಣ ಅನ್ನುತ್ತಾರೆ. ಅವಳನ್ನು ರೇಡಿಯೋ ಅಕ್ಕ ಅನ್ನುತ್ತಿದ್ದರು, ಯಾಕೆಂದರೆ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆದರೆ ಸಂಜೆ ಮುಚ್ಚುವವರೆಗೆ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ಅದೂ ಮೆಲ್ಲಗಲ್ಲ, ಎರಡು ಬೀದಿ ಆಚೆಗೂ ಕೇಳಿಸಬೇಕು ಅನ್ನುವ ಹಾಗೆ.

ನಾನು ಸಿಡುಕ ಮನುಷ್ಯ, ಒಪ್ಪಿಕೊಳ್ಳುತ್ತೇನೆ. ಹೆಂಡತಿ ಹೋದ ಮೇಲೆ ಇನ್ನಷ್ಟು ಸಿಡುಕನಾದೆ. ಮಗಳು ಬೇರೆ ಊರಲ್ಲಿದ್ದಾಳೆ. ಮನೆಯಲ್ಲಿ ನಾನು ಮತ್ತು ಗೋಡೆ ಗಡಿಯಾರ. ಹಾಗಾಗಿ ದಿನಕ್ಕೆ ನಾಲ್ಕು ಸಲ ಯಾವುದಾದರೂ ನೆಪ ಮಾಡಿಕೊಂಡು ಸಲೂನಿಗೆ ಹೋಗಿ, "ಸ್ವಲ್ಪ ಮೆತ್ತಗೆ ಮಾತಾಡಮ್ಮಾ, ನನ್ನ ಬಲ್ಬುಗಳೆಲ್ಲಾ ಒಡೆದು ಹೋಗ್ತಾವೆ" ಅಂತ ಬೈದು, ಅವಳು ಕೊಟ್ಟ ಟೀ ಕುಡಿದು ಬರುತ್ತಿದ್ದೆ.

ಅವಳಿಗೆ ಮದುವೆಯಾಗಿರಲಿಲ್ಲ. ಸಲೂನಿನ ಮೇಲಿನ ಕೋಣೆಯಲ್ಲಿ ತಾಯಿ ಮಗಳು ಇಬ್ಬರೇ ಇದ್ದರು. ತಾಯಿ ಆರು ವರ್ಷ ಹಾಸಿಗೆ ಹಿಡಿದು ಮಲಗಿದ್ದು, ಒಂದು ದಿನ ಮಧ್ಯಾಹ್ನ ಕಣ್ಣು ಮುಚ್ಚಿದರು. ಹನ್ನೊಂದು ದಿನ ಬಾಗಿಲು ಹಾಕಿದ್ದವಳು ಹನ್ನೆರಡನೆಯ ದಿನ ತೆಗೆದಾಗ ದನಿ ಮೊದಲಿನಷ್ಟೇ ಜೋರಾಗಿತ್ತು. ಇವಳಿಗೆ ದುಃಖವೇ ಇಲ್ಲವೇನೋ ಅಂದುಕೊಂಡೆ. ಮನುಷ್ಯನಿಗೆ ಬುದ್ಧಿ ಇಷ್ಟು ಕಮ್ಮಿ ಇರಬಾರದು.

ಅದೇ ಹೊತ್ತಿಗೆ ಬೀದಿಯ ಕೊನೆಯಲ್ಲಿ ಗಾಜಿನ ಗೋಡೆಯ ದೊಡ್ಡ ಸಲೂನೊಂದು ಶುರುವಾಯಿತು. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಜಾರಿಕೊಂಡರು. ಹೊಸಬರು ಬರುತ್ತಿದ್ದರು, ಆದರೆ ಒಂದೇ ಸಲ. ಅವಳ ಹತ್ತಿರ ಒಂದು ನೀಲಿ ನೋಟ್‌ಪುಸ್ತಕವಿತ್ತು. ಬಂದವರ ಹೆಸರು, ಫೋನು, ಏನು ಮಾಡಿಸಿಕೊಂಡರು ಅಂತ ಬರೆಯುತ್ತಿದ್ದಳು. ಎರಡನೆಯ ಸಲ ಬಂದರೆ ಹೆಸರಿನ ಪಕ್ಕ ಒಂದು ಕೆಂಪು ಗೀಟು. ಆ ವರ್ಷ ಪುಟ ತಿರುವಿದರೆ ಕೆಂಪು ಕಾಣಿಸುವುದೇ ಅಪರೂಪವಾಯಿತು.

"ತಮ್ಮ ಫೋನ್ ಮಾಡಿದ್ದ," ಅಂದಳು ಒಂದು ದಿನ. "ಒಬ್ಬಳೇ ಯಾಕೆ ಒದ್ದಾಡ್ತೀಯ, ಬಂದುಬಿಡು, ಹಿಂದಿನ ಕೋಣೆ ಖಾಲಿ ಇದೆ, ಮಕ್ಕಳನ್ನ ನೋಡ್ಕೊಂಡು ಆರಾಮಾಗಿರು ಅಂದ."

"ಒಳ್ಳೇದೇ ಆಯ್ತಲ್ಲ."

"ಏನು ಒಳ್ಳೇದು ಅಣ್ಣ? ಇಲ್ಲಿ ಈ ಕತ್ತರಿ ನಂದು, ಈ ಕುರ್ಚಿ ನಂದು. ಅಲ್ಲಿ ಹೋದ್ರೆ ಟೀವಿ ರಿಮೋಟೂ ನಂದಲ್ಲ." ಆಮೇಲೆ ನೋಟ್‌ಪುಸ್ತಕ ಮುಚ್ಚಿ ಹೇಳಿದಳು. "ಆರು ತಿಂಗಳು ಟೈಮ್ ಕೇಳಿದೀನಿ. ಬಂದೋರು ವಾಪಸ್ ಬರೋ ಹಾಗೆ ಮಾಡ್ಬೇಕು. ಆಗ್ಲಿಲ್ಲ ಅಂದ್ರೆ ಗಂಟುಮೂಟೆ ಕಟ್ಟೋದು."

ಹೀಗೆ ಅವಳ ಸಲೂನು ಬದಲಾಯಿಸುವ ಕೆಲಸಕ್ಕೆ ನಾನೂ ಕೈ ಹಾಕಿದೆ. ಅವಳು ಹೊರಟುಹೋದರೆ ನನಗೇನು ಅಂತ ಯಾರಾದರೂ ಕೇಳಿದ್ದರೆ, ಏನೂ ಇಲ್ಲ, ಬಲ್ಬು ಮಾರಾಟವಾಗುತ್ತಲ್ಲ ಅಂತಿದ್ದೆ.

ಮೊದಲು ಬೆಳಕು. ಅದು ನನ್ನ ಇಲಾಖೆ. ಅಲ್ಲಿ ಚಾವಣಿಯ ನಟ್ಟನಡುವೆ ಒಂದು ಹಳೆಯ ಟ್ಯೂಬ್‌ಲೈಟ್ ಇತ್ತು. ನೆತ್ತಿಯ ಮೇಲಿಂದ ಬೀಳುವ ಬೆಳಕು ಕಣ್ಣಿನ ಕೆಳಗೂ ಮೂಗಿನ ಕೆಳಗೂ ನೆರಳು ಹಾಕುತ್ತದೆ. ಕನ್ನಡಿಯ ಮುಂದೆ ಕೂತವರೆಲ್ಲ ಮೂರು ದಿನ ಜ್ವರದಲ್ಲಿ ಮಲಗಿ ಎದ್ದವರ ಹಾಗೆ ಕಾಣುತ್ತಿದ್ದರು. ತನ್ನ ಮುಖ ಅಷ್ಟು ಕೆಟ್ಟದಾಗಿ ಕಂಡ ಜಾಗಕ್ಕೆ ಯಾರು ತಿರುಗಿ ಬರುತ್ತಾರೆ? ಅದನ್ನು ಬಿಚ್ಚಿ ನನ್ನ ಅಂಗಡಿಯ ಅಟ್ಟಕ್ಕೆ ಎಸೆದೆ. ಎಲ್ಲ ಕಡೆ ಹಳದಿ ಛಾಯೆಯ ಮೆತ್ತನೆ ಬಲ್ಬು ಹಾಕಿದೆ. ಸಂಜೆಯ ಹೊತ್ತಿನ ಮನೆಯಂತೆ ಕಂಡಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನಾಲ್ಕನೇ ದಿನ ಒಬ್ಬ ಹೆಂಗಸು ಕೂದಲಿಗೆ ಬಣ್ಣ ಹಾಕಿಸಿಕೊಂಡು ಖುಷಿಯಿಂದ ಹೊರಗೆ ಹೋದವಳು ಐದೇ ನಿಮಿಷದಲ್ಲಿ ಬೆಂಕಿಯಾಗಿ ವಾಪಸ್ ಬಂದಳು. ಒಳಗೆ ಜೇನುಬಣ್ಣ ಕಂಡದ್ದು ಬಿಸಿಲಿನಲ್ಲಿ ಬೂದಿಬಣ್ಣ. ಹಳದಿ ಬೆಳಕು ಎಲ್ಲವನ್ನೂ ಬೆಚ್ಚಗೆ ತೋರಿಸುತ್ತದೆ. ಅದನ್ನು ನಂಬಿ ಬಣ್ಣ ಕಲಸಿದರೆ ಹೊರಗೆ ಬಂಡವಾಳ ಬಯಲಾಗುತ್ತದೆ.

"ಬಲ್ಬಣ್ಣ, ನಿಮ್ಮ ತಲೆಗೇ ಆ ಬಣ್ಣ ಹಚ್ಚಬೇಕಿತ್ತು," ಅಂದಳು ರೇಡಿಯೋ ಅಕ್ಕ.

"ಹಚ್ಚೋಕೆ ಕೂದಲೆಲ್ಲಿದೆ?" ಅಂದೆ.

ತಪ್ಪು ನನ್ನದೇ. ಮತ್ತೆ ಏಣಿ ಹತ್ತಿದೆ. ಕನ್ನಡಿಯ ಎರಡೂ ಬದಿಗೆ, ಮುಖದ ಮಟ್ಟಕ್ಕೆ, ಉದ್ದನೆಯ ದೀಪಗಳನ್ನು ನಿಲ್ಲಿಸಿದೆ. ಹಳದಿಯೂ ಅಲ್ಲ, ನೀಲಿಯೂ ಅಲ್ಲ, ಬಣ್ಣವನ್ನು ಇದ್ದ ಹಾಗೇ ತೋರಿಸುವಂಥವು. ನೆರಳು ಹೋಯಿತು, ಮುಖಗಳು ಮನುಷ್ಯರ ಮುಖಗಳಾದವು. ಹಳದಿ ಬೆಳಕನ್ನು ಕಾಯುವ ಬೆಂಚಿನ ಹತ್ತಿರ ಮತ್ತು ತಲೆ ತೊಳೆಯುವ ಜಾಗದಲ್ಲಿ ಮಾತ್ರ ಉಳಿಸಿದೆ. ಅಲ್ಲಿ ಹಿಂದಕ್ಕೆ ಒರಗಿ ಮಲಗಿದವರ ಕಣ್ಣಿಗೆ ನೇರ ಬೀಳದ ಹಾಗೆ ದೀಪವನ್ನು ಗೋಡೆಯ ಕಡೆ ತಿರುಗಿಸಿ, ಬೆಳಕು ಹೆಚ್ಚು ಕಡಿಮೆ ಮಾಡುವ ಗುಂಡಿಯನ್ನು ಅವಳ ಕೈಗೆಟುಕುವಂತೆ ಕೂರಿಸಿದೆ.

ಆಮೇಲೆ ಹಾಡು. ಅವಳು ಮೊದಲು ತನಗಿಷ್ಟವಾದ ಸಿನಿಮಾ ಹಾಡುಗಳನ್ನು ಹಾಕಿದಳು. ಗಿರಾಕಿ ಗುನುಗುತ್ತ ತಲೆ ಅಲ್ಲಾಡಿಸಿದರೆ ಕತ್ತರಿ ಕಿವಿಗೆ ಬರುತ್ತಿತ್ತು. ನಡುವೆ ಫೋನಿನಿಂದ ಜಾಹೀರಾತು ಕಿರುಚಿದರೆ ತಲೆ ತೊಳೆಸಿಕೊಳ್ಳುತ್ತಿದ್ದವರು ನೊರೆಯ ಸಮೇತ ಎದ್ದು ಕೂರುತ್ತಿದ್ದರು. ಪದ ಇದ್ದರೆ ಕಿವಿ ಪದದ ಹಿಂದೆ ಹೋಗುತ್ತದೆ ಅನ್ನುವುದು ಅವಳಿಗೇ ಹೊಳೆಯಿತು. ಪದವಿಲ್ಲದ, ನಿಧಾನಗತಿಯ ಪಿಯಾನೋ ಮತ್ತು ಕೊಳಲನ್ನು ಹುಡುಕಿ, ಜಾಹೀರಾತಿನ ಕಾಟವಿಲ್ಲದಂತೆ ಅಷ್ಟನ್ನೂ ಫೋನಿಗೆ ಇಳಿಸಿಕೊಂಡು, ನಾಲ್ಕು ಗಂಟೆ ಮುಗಿಯದಷ್ಟು ಜೋಡಿಸಿದಳು. ಅದದೇ ಸುತ್ತಿ ಬಂದರೆ ಗಿರಾಕಿಗಲ್ಲ, ಇಡೀ ದಿನ ಅಲ್ಲೇ ನಿಂತಿರುವವಳಿಗೆ ಹುಚ್ಚು ಹಿಡಿಯುತ್ತದೆ. ಸ್ಪೀಕರನ್ನು ಡ್ರೈಯರಿನಿಂದ ದೂರ ಮೂಲೆಯಲ್ಲಿಟ್ಟೆವು. ಪಿಸುಮಾತು ಆಡಿದರೂ ಹಾಡಿನ ಮೇಲಿಂದ ಕೇಳಿಸುವಷ್ಟು ಸಣ್ಣಗೆ.

ಕೊನೆಯದು ಪರಿಮಳ. ಅದಕ್ಕೆ ನಾನು ಕೈ ಹಾಕಲಿಲ್ಲ, ಮೂಗಿನ ವಿಷಯ ನನಗೇನು ಗೊತ್ತು? ನೀರಿಗೆ ಎಣ್ಣೆಯ ಹನಿ ಹಾಕಿದರೆ ಮಂಜಿನಂತೆ ಪರಿಮಳ ಬಿಡುವ ಒಂದು ಪುಟ್ಟ ಯಂತ್ರ ತಂದಳು. ಲ್ಯಾವೆಂಡರ್ ಎಣ್ಣೆ, ಮೂರು ಹನಿ. ಬಾಗಿಲು ತೆಗೆದರೆ ಒಗೆದು ಒಣಗಿಸಿದ ಬಟ್ಟೆಯ ಹಿತವಾದ ವಾಸನೆ. ಒಂದೇ ತೊಂದರೆ ಎಂದರೆ ಹಿಂದಿನ ಗೋಡೆಯ ಎಕ್ಸಾಸ್ಟ್ ಫ್ಯಾನು ಗರಗರ ಅಂತ ಪಿಯಾನೋವನ್ನು ತಿಂದುಹಾಕುತ್ತಿತ್ತು. ಅವಳು ಅದನ್ನು ಆರಿಸಿಬಿಟ್ಟಳು. ಬೀದಿಯ ಗದ್ದಲ ಬೇಡ ಅಂತ ಬಾಗಿಲಿಗೆ ದಪ್ಪ ಪರದೆಯನ್ನೂ ಬಿಟ್ಟಳು. ನಾನು ಅದನ್ನು ನೋಡಿಯೂ ಟೀ ಕುಡಿದು ಬಂದೆ.

ಮೂರು ತಿಂಗಳಾಯಿತು. ಹೊಸಬರು ಬಂದರು, ಒಳಗೆ ಕಾಲಿಟ್ಟ ಕೂಡಲೇ "ಅಬ್ಬಾ, ಎಷ್ಟು ಚೆನ್ನಾಗಿದೆ!" ಅಂದರು. ಹೋದರು. ತಿರುಗಿ ಬರಲಿಲ್ಲ.

ಆ ದಿನ ನನಗೆ ಯಾವುದೋ ವೈರಿನ ಲೋಡು ತಪ್ಪಿ ಬಂದು ತಲೆ ಕೆಟ್ಟಿತ್ತು. ಗೋಡೆಯಾಚೆ ಅವಳ ದನಿ ಎಂದಿನಂತೆ ಬಿಡುವಿಲ್ಲದೆ ಹರಿಯುತ್ತಿತ್ತು. ಗಿರಾಕಿ ಹೋದ ಮೇಲೆ ನೀಲಿ ಪುಸ್ತಕ ಹಿಡಿದು ನನ್ನ ಅಂಗಡಿಗೆ ಬಂದಳು.

"ನೋಡಿ ಅಣ್ಣ, ಹದಿನಾಲ್ಕು ಹೆಸರು. ಒಂದೂ ಗೀಟಿಲ್ಲ. ಏನು ತಪ್ಪು ಮಾಡ್ತಿದೀನಿ?"

ನನ್ನ ನಾಲಿಗೆಗೆ ಆ ಹೊತ್ತು ಹುಳ ಬೀಳಬೇಕಿತ್ತು.

"ಬೆಳಕು ಸರಿ ಮಾಡಿದ್ದಾಯ್ತು, ಹಾಡು ಸರಿ ಮಾಡಿದ್ದಾಯ್ತು. ಇನ್ನು ಉಳಿದಿರೋದು ನಿನ್ನ ಬಾಯಿ. ಜನ ನೆಮ್ಮದಿ ಬೇಕು ಅಂತ ಬರ್ತಾರೆ, ನೀನು ಕೂದಲು ಕತ್ತರಿಸೋದು ಬಿಟ್ಟು ತಲೆ ತಿಂತೀಯ. ಯಾರು ಬರ್ತಾರೆ ಮತ್ತೆ?"

ಅವಳು ನಗುತ್ತಾಳೆ, ತಿರುಗಿ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಪುಸ್ತಕ ಎದೆಗವಚಿಕೊಂಡು, "ಹೌದಾ ಅಣ್ಣ?" ಅಂತ ಕೇಳಿ ಹೊರಟುಹೋದಳು.

ಮರುದಿನದಿಂದ ಗೋಡೆ ಸುಮ್ಮನಾಯಿತು.

ಮೊದಲ ಎರಡು ದಿನ ನನಗೆ ಆರಾಮೆನಿಸಿತು. ಮೂರನೆಯ ದಿನ ಟೀಗೆ ಹೋದೆ. ಟೀ ಕೊಟ್ಟಳು. "ಹೇಗಿದೀರಾ, ಎಷ್ಟು ಉದ್ದ ಬೇಕು, ನೀರು ಬಿಸಿ ಸಾಕಾ" ಅನ್ನುವ ಮೂರು ಮಾತು ಗಿರಾಕಿಗೆ. ನನಗೆ ಅದೂ ಇಲ್ಲ. ನನ್ನ ಕಡೆ ನೋಡಿ ತಲೆಯಾಡಿಸಿದಳು, ಅಷ್ಟೇ. ವಾಪಸ್ ಬಂದು ಸ್ಟೂಲಿನ ಮೇಲೆ ಕೂತು ಗೋಡೆಗೆ ಒರಗಿದರೆ ಕೊಳಲು. ಅದು ಮುಗಿದರೆ ಪಿಯಾನೋ. ಮನೆಗೆ ಹೋದರೆ ಗಡಿಯಾರ. ಇಷ್ಟು ಕೇಳಿಕೊಂಡಿರುವುದಕ್ಕಿಂತ ಕಿವುಡನಾಗಿರುವುದೇ ವಾಸಿ ಅನ್ನಿಸಿತು. ಆದರೂ ಹೋಗಿ, ತಪ್ಪಾಯ್ತಮ್ಮಾ ಅನ್ನಲಿಲ್ಲ. ಹಟ.

ಗಿರಾಕಿಗಳು ಮಾತ್ರ ಆಗಲೂ ತಿರುಗಿ ಬರಲಿಲ್ಲ. ನಾಲ್ಕನೆಯ ತಿಂಗಳು ಮುಗಿಯುವ ಹೊತ್ತಿಗೆ ಅವಳು ತಮ್ಮನಿಗೆ ಫೋನು ಮಾಡಿ, ಆ ಕೋಣೆಯಲ್ಲಿ ಕಿಟಕಿ ಇದೆಯಾ ಅಂತ ಕೇಳಿದ್ದು ಗೋಡೆಯಾಚೆಯಿಂದ ನನಗೆ ಕೇಳಿಸಿತು. ವಾರದಲ್ಲಿ ನಾನು ಕೇಳಿದ ಅತಿ ಉದ್ದದ ಮಾತು ಅದು.

ಅಷ್ಟರಲ್ಲಿ ನನ್ನ ಕಣ್ಣಿನ ಪೊರೆ ತೆಗೆಸಬೇಕಾಗಿ ಬಂದು ಮಗಳ ಊರಿಗೆ ಹೋದೆ. ಮೂರು ವಾರ ಅಲ್ಲೇ ಇದ್ದೆ. ವಾಪಸ್ ಬಂದವನು ಅಂಗಡಿ ಬಾಗಿಲನ್ನೂ ತೆಗೆಯದೆ, ಅವಳಿದ್ದಾಳೋ ಹೋದಳೋ ಅಂತ ನೋಡಲು ನೇರ ಸಲೂನಿಗೆ ನುಗ್ಗಿ ಪರದೆ ಸರಿಸಿದೆ.

ಮುಖಕ್ಕೆ ಯಾರೋ ಗುದ್ದಿದ ಹಾಗಾಯಿತು. ಲ್ಯಾವೆಂಡರ್, ಅದರ ಅಡಿಯಲ್ಲಿ ಕೂದಲ ಬಣ್ಣದ ಖಾರ ಘಾಟು, ಎರಡೂ ಸೇರಿ ಗಂಟಲಿಗೆ ಅಂಟಿಕೊಂಡಿತು. ಕಣ್ಣಲ್ಲಿ ನೀರು ಬಂತು. ಹಣೆ ಪಟಪಟ ಅಂತು.

"ಏನಮ್ಮಾ ಇದು! ಎಣ್ಣೆ ಬಾಟ್ಲಿ ಒಡೆದು ಹೋಯ್ತಾ?"

"ಯಾಕೆ?" ಅಂದಳು. "ವಾಸನೆನೇ ಬರ್ತಿಲ್ಲ ಅಂತ ಈಗಷ್ಟೇ ಇನ್ನೊಂದು ನಾಲ್ಕು ಹನಿ ಹಾಕ್ದೆ."

"ಒಟ್ಟು ಎಷ್ಟು ಹಾಕ್ತೀಯ?"

ಅವಳು ಲೆಕ್ಕ ಮಾಡಿದಳು. "ಬೆಳಿಗ್ಗೆ ಹತ್ತು ಹನ್ನೆರಡು. ಮಧ್ಯಾಹ್ನ ಇನ್ನೊಂದು ಸಲ."

ಆಗ ನನಗೆ ಹೊಳೆಯಿತು. ಒಂದೇ ವಾಸನೆಯಲ್ಲಿ ದಿನವಿಡೀ ನಿಂತ ಮೂಗಿಗೆ ಆ ವಾಸನೆ ತಿಳಿಯುವುದಿಲ್ಲ. ಮೂರು ಹನಿ ತಿಳಿಯದೆ ಐದು ಮಾಡಿದಳು, ಐದು ತಿಳಿಯದೆ ಎಂಟು. ಫ್ಯಾನು ಬಂದ್, ಬಾಗಿಲಿಗೆ ಪರದೆ. ಹೋಗಲು ದಾರಿಯಿಲ್ಲದೆ ಎಲ್ಲವೂ ಒಳಗೇ ಕೂತಿತ್ತು. ದಿನಕ್ಕೆ ನಾಲ್ಕು ಸಲ ಹೋಗಿ ಬರುತ್ತಿದ್ದ ನನ್ನ ಮೂಗೂ ಅವಳ ಮೂಗಿನ ಜೊತೆ ಸೇರಿಕೊಂಡು ಮಂಕಾಗಿತ್ತು. ಮೂರು ವಾರ ಹೊರಗಿದ್ದದ್ದಕ್ಕೆ ಅದಕ್ಕೆ ಪ್ರಾಣ ಬಂದಿತ್ತು.

ಅವಳು ನಂಬಲಿಲ್ಲ. "ಕಣ್ಣಿನ ಆಪರೇಷನ್ನು ಮೂಗಿಗೇನಾದ್ರೂ ಮಾಡಿದ್ರಾ?" ಅಂದಳು. ತಿಂಗಳುಗಳ ನಂತರ ಅವಳ ಬಾಯಿಂದ ಬಂದ ಮೊದಲ ಕೀಟಲೆ.

"ಪುಸ್ತಕ ತೆಗಿ. ಗೀಟಿಲ್ಲದ ಯಾರಿಗಾದ್ರೂ ಫೋನ್ ಮಾಡು. ಯಾಕೆ ಬರ್ಲಿಲ್ಲ ಅಂತ ಕೇಳು."

ಕೇಳಲು ಅವಳಿಗೆ ಮುಜುಗರ. ನಾನು ಬಿಡಲಿಲ್ಲ. ಮೂರು ತಿಂಗಳ ಹಿಂದೆ ಒಂದೇ ಸಲ ಬಂದಿದ್ದ ಒಬ್ಬ ಶಾಲೆಯ ಟೀಚರಿಗೆ ಮಾಡಿದಳು, ಸ್ಪೀಕರಿನಲ್ಲಿ ಹಾಕಿದಳು. ಟೀಚರು ಮೊದಲು, ಕೆಲಸ ಜಾಸ್ತಿ, ಟೈಮ್ ಇಲ್ಲ ಅಂತೆಲ್ಲ ಹೇಳಿದರು. ರೇಡಿಯೋ ಅಕ್ಕ ಒಂದು ಉಸಿರು ತೆಗೆದುಕೊಂಡು, "ನನ್ನ ಮಾತು ಜಾಸ್ತಿಯಾಯ್ತಾ ಮೇಡಂ? ನಿಜ ಹೇಳಿ, ಬೇಜಾರಿಲ್ಲ" ಅಂದಳು.

"ಅಯ್ಯೋ ಇಲ್ಲಪ್ಪ! ನಿಮ್ಮ ಮಾತು ಕೇಳ್ತಾ ಕೂತಿದ್ದಕ್ಕೇ ಅಷ್ಟು ಹೊತ್ತು ತಡ್ಕೊಂಡೆ. ಆ ವಾಸನೆ ಇತ್ತಲ್ಲ, ಎರಡು ದಿನ ತಲೆನೋವು ಬಿಡ್ಲಿಲ್ಲ ನಂಗೆ. ಹೇಳೋದು ಹೇಗೆ ಅಂತ ಸುಮ್ಮನಾದೆ."

ಅವಳು ಫೋನು ಕೆಳಗಿಟ್ಟಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಎಲ್ಲಿ ಮುಖ ಇಟ್ಟುಕೊಳ್ಳುತ್ತಿದ್ದೆನೋ ಗೊತ್ತಿಲ್ಲ.

ಆ ಮಧ್ಯಾಹ್ನವೇ ಪರದೆ ಬಿಚ್ಚಿದೆವು, ಒಗೆಯಲು ಹಾಕಿದೆವು. ಸದ್ದು ಮಾಡದ ಹೊಸ ಎಕ್ಸಾಸ್ಟ್ ಫ್ಯಾನನ್ನು ನಾನೇ ತಂದು ಕೂರಿಸಿದೆ. ಘಾಟನ್ನು ಮೊದಲು ಹೊರಗೆ ಕಳಿಸಬೇಕು, ಪರಿಮಳದ ಮಾತು ಆಮೇಲೆ. ಯಂತ್ರವನ್ನು ಕುರ್ಚಿಯ ಪಕ್ಕದಿಂದ ಎತ್ತಿ ಬಾಗಿಲ ಹತ್ತಿರ ಇಟ್ಟೆವು. ಎರಡು ಹನಿ, ಬೆಳಿಗ್ಗೆ ಕಾಲು ಗಂಟೆ, ಆಮೇಲೆ ಬಂದ್. "ನಿನ್ನ ಮೂಗನ್ನ ಕೇಳಬೇಡ, ಹನಿ ಎಣಿಸು" ಅಂತ ಒಂದು ಚೀಟಿ ಬರೆದು ಬಾಟಲಿಗೆ ಅಂಟಿಸಿದೆ. ತಲೆನೋವಿನವರು, ಬಸುರಿಯರು ಬಂದರೆ ಅದೂ ಬೇಡ ಅಂತ ಅವಳು ಕೆಳಗೆ ಸೇರಿಸಿದಳು. ಪುಸ್ತಕದಲ್ಲಿದ್ದ ಒಬ್ಬೊಬ್ಬರಿಗೂ ಫೋನು ಮಾಡಿ, ತಪ್ಪಾಗಿತ್ತು, ಸರಿ ಮಾಡಿದೀನಿ, ಒಂದು ಸಲ ಬಂದು ನೋಡಿ ಅಂದಳು.

ಬಂದರು. ಮೊದಲು ಟೀಚರು, ಆಮೇಲೆ ಇಬ್ಬರು, ಆಮೇಲೆ ಅವರ ಜೊತೆಯವರು. ಆರನೆಯ ತಿಂಗಳ ಕೊನೆಗೆ ಒಂದು ಪುಟದಲ್ಲಿ ಒಂಬತ್ತು ಕೆಂಪು ಗೀಟು. ತಮ್ಮನಿಗೆ, ಬರಲ್ಲ ಕಣೋ, ಆ ಕೋಣೆಗೆ ಅಕ್ಕಿ ಮೂಟೆ ಇಟ್ಕೋ ಅಂದಳಂತೆ.

ಗೆದ್ದಳು. ಕಥೆ ಇಲ್ಲಿಗೆ ಮುಗಿದಿದ್ದರೆ ನನಗೂ ಒಳ್ಳೆಯದಿತ್ತು.

ಆದರೆ ಗೋಡೆಗೆ ಮಾತು ಬರಲಿಲ್ಲ. ಬರುವವರೆಲ್ಲ ಈಗ ಕಣ್ಣು ಮುಚ್ಚಿಕೊಳ್ಳಲು ಬರುತ್ತಿದ್ದರು. ತಲೆಗೆ ನೀರು ಬಿದ್ದ ಕೂಡಲೇ ನಿದ್ದೆ. ಟೀಚರು ಕೂಡ ಗೊರಕೆ ಹೊಡೆದರು. ಎರಡೂ ಕುರ್ಚಿ ತುಂಬಿರುತ್ತಿತ್ತು, ನಡುವೆ ಅವಳು ಮೆತ್ತನೆ ಚಪ್ಪಲಿ ಹಾಕಿಕೊಂಡು, ಬಾಚಣಿಗೆಯನ್ನು ಕೂಡ ಸದ್ದಾಗದಂತೆ ಟವೆಲಿನ ಮೇಲಿಟ್ಟು ಓಡಾಡುತ್ತಿದ್ದಳು. ಒಂದು ದಿನ ನಾನು ಬಾಗಿಲಲ್ಲಿ ನಿಂತು, "ಏನಮ್ಮಾ ಸಮಾಚಾರ?" ಅಂದೆ. ತುಟಿಯ ಮೇಲೆ ಬೆರಳಿಟ್ಟಳು. ಮೆಲ್ಲಗೆ ಹತ್ತಿರ ಬಂದು, "ಮಲಗಿದಾರೆ ಅಣ್ಣ" ಅಂದಳು. ಅಷ್ಟು ಸಣ್ಣ ದನಿ ಅವಳ ಹತ್ತಿರ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಅಂಗಡಿಗೆ ವಾಪಸ್ ಬಂದೆ. ಏಣಿ ಹಾಕಿ ಅಟ್ಟದಿಂದ ಆ ಹಳೆಯ ಟ್ಯೂಬ್‌ಲೈಟು ಕೆಳಗಿಳಿಸಿ ಧೂಳು ಒರೆಸಿದೆ.

ಮರುದಿನ ಒಂಬತ್ತೂವರೆಗೆ, ಬಾಗಿಲು ತೆಗೆಯುವ ಮೊದಲೇ, ಅದನ್ನು ಹೊತ್ತುಕೊಂಡು ಹೋಗಿ ನಿಂತೆ.

"ಇದೇನು?"

"ಇದನ್ನ ಮೊದಲಿದ್ದ ಜಾಗಕ್ಕೇ ಹಾಕ್ತೀನಿ. ಹತ್ತು ಗಂಟೆವರೆಗೆ ಮಾತ್ರ. ಹಾಡೂ ಬೇಡ, ಎಣ್ಣೆನೂ ಬೇಡ. ನಂಗೆ ಕಟಿಂಗ್ ಮಾಡು."

"ಹೋದ ವಾರ ತಾನೇ ಮಾಡಿದ್ನಲ್ಲ. ತಲೆಯಲ್ಲಿ ಇರೋದೇ ಹದಿನೇಳು ಕೂದಲು."

"ಹದಿನಾರು ಮಾಡು."

ಟ್ಯೂಬ್‌ಲೈಟು ಎರಡು ಸಲ ಮಿನುಗಿ ಹತ್ತಿಕೊಂಡಿತು. ಕನ್ನಡಿಯಲ್ಲಿ ಇಬ್ಬರೂ ಜ್ವರದಿಂದ ಎದ್ದವರ ಹಾಗೆ ಕಂಡೆವು. ಅವಳು ಬಟ್ಟೆ ಹೊದಿಸಿ ಕತ್ತರಿ ಹಿಡಿದಳು. ನಾನು ಕಾದೆ. ಕತ್ತರಿಯ ಸದ್ದು ಬಿಟ್ಟರೆ ಏನೂ ಇಲ್ಲ.

"ಮಾತಾಡಮ್ಮಾ."

"ಏನು ಮಾತಾಡ್ಲಿ? ಅಭ್ಯಾಸ ತಪ್ಪಿಹೋಗಿದೆ."

"ಅವತ್ತು ನಾನು ಹಾಗನ್ನಬಾರದಿತ್ತು. ತಪ್ಪಾಯ್ತು." ಇಷ್ಟು ಹೇಳಲು ನನಗೆ ಅರ್ಧ ವರ್ಷ ಹಿಡಿದಿತ್ತು.

ಅವಳು ನನ್ನ ಕಿವಿಯ ಹಿಂದೆ ಕತ್ತರಿಸುತ್ತ, ಕನ್ನಡಿಯಲ್ಲೂ ನನ್ನನ್ನು ನೋಡದೆ ಹೇಳಿದಳು. "ನಂಗೇನು ಅಷ್ಟು ಮಾತಾಡೋ ಚಟ ಇರ್ಲಿಲ್ಲ ಅಣ್ಣ. ಅಮ್ಮ ಮೇಲೆ ಒಬ್ಬಳೇ ಮಲಗಿರ್ತಿದ್ಲಲ್ಲ. ಎದ್ದು ಕೂರೋಕಾಗಲ್ಲ, ಕಿವಿ ಮಂದ. ನನ್ನ ದನಿ ಕೇಳ್ತಾ ಇದ್ರೆ ಅವಳಿಗೆ ಧೈರ್ಯ. ನಿಲ್ಸಿದ್ರೆ, ಎಲ್ಲಿಗೋ ಹೋದ್ಲು ಅಂತ ಗಾಬರಿಯಾಗಿ ಲೋಟದಿಂದ ನೆಲ ಬಡಿಯೋಳು. ಅದಕ್ಕೇ ಬಂದೋರ ಹತ್ರ ಏನಾದ್ರೂ ಹೇಳ್ತಾನೇ ಇರ್ತಿದ್ದೆ, ಗಟ್ಟಿಯಾಗಿ. ಅವಳು ಹೋದ್ಮೇಲೂ ನಿಲ್ಸೋಕೆ ಭಯ ಆಯ್ತು. ನೀವು ಅಂದ ದಿನ ನಿಲ್ಸಿದೆ. ಮೇಲಿಂದ ಲೋಟದ ಸದ್ದು ಬರ್ಲಿಲ್ಲ. ಅವತ್ತು ಗೊತ್ತಾಯ್ತು ನಂಗೆ, ಅಮ್ಮ ಇಲ್ಲ ಅಂತ."

ಅವಳ ಕೈ ನಿಲ್ಲಲಿಲ್ಲ. ಆರು ವರ್ಷ, ಎದುರಿಗೆ ಕೂತು ಟೀ ಕುಡಿದಿದ್ದೇನೆ. ಒಂದು ದಿನವೂ ಕೇಳಲಿಲ್ಲ.

"ಇನ್ನೊಬ್ಬರಿಗೂ ಕೇಳಿಸ್ತಿತ್ತು ಕಣಮ್ಮ," ಅಂದೆ.

"ಯಾರಿಗೆ?"

"ಈಚೆ ಗೋಡೆಗೆ ಒರಗಿಕೊಂಡು ಒಬ್ಬ ಮುದುಕ ಕೂತಿರ್ತಾನಲ್ಲ. ಅವನ ಹತ್ರ ಲೋಟ ಇರ್ಲಿಲ್ಲ ಬಡಿಯೋಕೆ."

ಕತ್ತರಿ ಆಗ ನಿಂತಿತು. ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹೊರಗೆ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ಹತ್ತು ಗಂಟೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಟ್ಯೂಬ್‌ಲೈಟು ಆರಿಸಿ, ಕನ್ನಡಿಯ ದೀಪ ಹಾಕಿದಳು. ಎರಡು ಹನಿ ಎಣಿಸಿದಳು. ಪಿಯಾನೋ ಶುರುವಾಯಿತು. ನನ್ನ ಹೆಗಲಿನ ಮೇಲಿದ್ದ ಒಂದೆರಡು ಕೂದಲನ್ನು ಕೊಡವಿ, ಮುಂದಿನ ತಾರೀಖು ಬರೆದ ಚೀಟಿ ಕೈಗಿಟ್ಟಳು. ಎಲ್ಲ ಗಿರಾಕಿಗಳಿಗೂ ಒಂದು ತಿಂಗಳ ಆಚೆಯ ತಾರೀಖು ಬರೆಯುತ್ತಾಳೆ.

ಅಂಗಡಿಗೆ ಬಂದು ಚೀಟಿ ನೋಡಿದೆ. ನಾಳೆ, ಒಂಬತ್ತೂವರೆ.